ಭಾನುವಾರ ಯಾರ ಪಾಲು?

ರಾತ್ರಿ ಹತ್ತರ ಸುಮಾರಿಗೆ ಬೆಂಗಳೂರು ಬಿಟ್ಟ ಧರ್ಮಸ್ಥಳ, ಮಂಗಳೂರು ಬಸ್ಸುಗಳು ಹಾಸನ ಮುಟ್ಟುವುದು ನಡುರಾತ್ರಿ ಕಳೆದ ಮೇಲೆ. ಶುಕ್ರವಾರವಾದರೆ ಒಂದರ ಹಿಂದೆ ಒಂದು ಬರುತ್ತವೆ. ನಿಲ್ದಾಣದ ಅಂಗಡಿಗೆ ಆಗಲೇ ವ್ಯಾಪಾರ. ಅರೆನಿದ್ದೆಯಲ್ಲಿ ಇಳಿದವರಿಗೆ ನೀರಿನ ಬಾಟಲಿ, ಬಿಸ್ಕತ್ತು, ವಾಂತಿಯಾಗುವ ಮಗುವಿಗೊಂದು ಪ್ಲಾಸ್ಟಿಕ್ ಕವರು, ಐನೂರರ ನೋಟಿಗೆ ಚಿಲ್ಲರೆ. ಎಲ್ಲವೂ ಐದು ನಿಮಿಷದೊಳಗೆ ಆಗಬೇಕು, ಕಂಡಕ್ಟರ್ ಸೀಟಿ ಊದುತ್ತಿರುತ್ತಾನೆ. ಮಂಗಳವಾರ ರಾತ್ರಿ ಅದೇ ಅಂಗಡಿಯಲ್ಲಿ ಅದೇ ಹೊತ್ತಿಗೆ ಕೂತವನು ಸ್ಟೂಲಿನ ಮೇಲೆ ತೂಕಡಿಸುತ್ತ ನೊಣ ಹೊಡೆಯಬಹುದು. ಡ್ಯೂಟಿ ಚಾರ್ಟಿನಲ್ಲಿ ಮಾತ್ರ ಎರಡೂ ‘ರಾತ್ರಿ’ ಎಂಬ ಒಂದೇ ಮನೆ.

ಆರು ಜನ ಕೆಲಸಗಾರರ ಸಣ್ಣ ಅಂಗಡಿಯಲ್ಲಿ ಜಗಳ ಹುಟ್ಟುವುದು ಸಂಬಳಕ್ಕಿಂತ ಹೆಚ್ಚಾಗಿ ಇಲ್ಲಿ. ಸಂಬಳ ಕಡಿಮೆಯೆಂದು ಎಲ್ಲರಿಗೂ ಗೊತ್ತಿರುತ್ತದೆ, ಸೇರುವಾಗಲೇ ಒಪ್ಪಿಕೊಂಡದ್ದು. ಆದರೆ ‘ಮೂರು ಭಾನುವಾರದಿಂದ ನಾನೇ ಬರ್ತಾ ಇದೀನಿ, ಅವನು ಒಂದು ಸಲನಾದ್ರೂ ಬಂದ್ನಾ?’ ಎಂಬ ಪ್ರಶ್ನೆಗೆ ಯಜಮಾನರ ಹತ್ತಿರ ಉತ್ತರ ಇರುವುದಿಲ್ಲ. ಯಾಕೆಂದರೆ ಲೆಕ್ಕವೇ ಇರುವುದಿಲ್ಲ. ಇರುವುದು ನೆನಪು. ನೆನಪಿನಲ್ಲಿ ಎಲ್ಲರೂ ತಾವು ಬಂದ ಭಾನುವಾರವನ್ನೇ ಎಣಿಸುತ್ತಾರೆ.

ಬಹಳಷ್ಟು ಅಂಗಡಿಗಳಲ್ಲಿ ನಡೆಯುವ ಪದ್ಧತಿ ಹೀಗಿದೆ. ವಾರದ ರಜೆ ಆಳಿಗೊಂದು ದಿನ ಖಾಯಂ. ಹಳಬರಿಗೆ ಭಾನುವಾರ, ಅವರ ನಂತರದವರಿಗೆ ಶನಿವಾರವೋ ಸೋಮವಾರವೋ, ಹೋದ ತಿಂಗಳು ಸೇರಿದ ಹುಡುಗನಿಗೆ ಬುಧವಾರ. ರಾತ್ರಿ ಪಾಳಿ ಮದುವೆಯಾಗದವರಿಗೆ. ಅಂಗಡಿಯ ಮೇಲಿನ ರೂಮಿನಲ್ಲೇ ಮಲಗುವ ಹಳ್ಳಿ ಹುಡುಗನಿದ್ದರೆ ಅವನಿಗೆ ಇನ್ನೂ ಹೆಚ್ಚು. ‘ನೀನು ಇಲ್ಲೇ ಇರ್ತೀಯಲ್ಲಪ್ಪ, ಸ್ವಲ್ಪ ಇಳಿದು ಬಾ’ ಎಂದು ಯಾವ ಹೊತ್ತಿಗೆ ಬೇಕಾದರೂ ಕರೆಯಬಹುದು. ಹಾಗೆ ಕರೆದದ್ದು ಯಾವ ಚಾರ್ಟಿನಲ್ಲೂ ದಾಖಲಾಗುವುದಿಲ್ಲ.

ಇದನ್ನು ಸರಿಮಾಡಲು ಹೊರಡುವ ಯಜಮಾನರು ಮೊದಲು ಹಿಡಿಯುವುದು ವಾರದ ಸರದಿಯನ್ನು. ಒಂದು ವಾರ ಬೆಳಿಗ್ಗೆ, ಒಂದು ವಾರ ಸಂಜೆ, ಒಂದು ವಾರ ಪೂರ್ತಿ ರಾತ್ರಿ. ನೋಡಲು ನ್ಯಾಯವಾಗಿಯೇ ಇದೆ. ಆದರೆ ಏಳು ರಾತ್ರಿ ಒಟ್ಟಿಗೆ ಮಾಡಿದವನ ಅವಸ್ಥೆ ನಾಲ್ಕನೆಯ ರಾತ್ರಿಯ ಗಲ್ಲಾ ಲೆಕ್ಕದಲ್ಲಿ ಕಾಣುತ್ತದೆ. ಚಿಲ್ಲರೆ ಹೆಚ್ಚು ಕೊಟ್ಟಿರುತ್ತಾನೆ, ನೀರಿನ ಕೇಸ್ ಇಳಿಸಿಕೊಂಡದ್ದನ್ನು ಬರೆಯಲು ಮರೆತಿರುತ್ತಾನೆ. ಬೆಳಿಗ್ಗೆ ಬಿಸಿಲು ನೋಡಿಕೊಂಡು ಮನೆಗೆ ಹೋಗುವವನ ದೇಹ ಒಂದು ವಾರದಲ್ಲಿ ರಾತ್ರಿಗೆ ಪೂರ್ತಿ ಒಗ್ಗುವುದೂ ಇಲ್ಲ. ಹಗಲು ಮನೆಯಲ್ಲಿ ಕುಕ್ಕರು ಕೂಗುತ್ತದೆ, ಹಾಲಿನವರು ಬಾಗಿಲು ಬಡಿಯುತ್ತಾರೆ. ಒಂದು ವಾರದ ನಿದ್ದೆಯ ಸಾಲ ಬೆಳೆಯುತ್ತ ಹೋಗುತ್ತದೆ. ಮೇಲಾಗಿ ಆ ವಾರದ ರಜೆ ಎಲ್ಲಿ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ಪೂರ್ತಿ ರಜೆ, ಮಿತಿ ಮೀರಿದ ಗಂಟೆಗೆ ಎರಡು ಪಟ್ಟು ಕೂಲಿ ಎಂಬುದು ಅದರ ಮೂಲ ಲೆಕ್ಕ. ಎಂಟು ಗಂಟೆಯ ಏಳು ರಾತ್ರಿ ಎಂದರೆ 56 ಗಂಟೆ.

ಹಾಗಾದರೆ ಬೇರೆ ದಾರಿ ಏನು? ವಾರವನ್ನು ಮರೆತುಬಿಡುವುದು.

ನಮ್ಮ ಬಸ್ ನಿಲ್ದಾಣದ ಅಂಗಡಿಯನ್ನೇ ಹಿಡಿಯೋಣ. ಬೆಳಗಿನ ಪಾಳಿ 7ರಿಂದ 3, ಸಂಜೆಯದು 3ರಿಂದ 11, ರಾತ್ರಿಯದು 11ರಿಂದ ಮರುದಿನ 7. ಬೆಳಿಗ್ಗೆ ಇಬ್ಬರು, ಸಂಜೆ ಇಬ್ಬರು, ರಾತ್ರಿ ಒಬ್ಬರು ಬೇಕು. ದಿನಕ್ಕೆ ಐದು ಜನ. ಇರುವವರು ಆರು. ಅಂದರೆ ದಿನವೂ ಒಬ್ಬರಿಗೆ ರಜೆ ಕೊಡಬಹುದು. ಇಷ್ಟು ಸಿಕ್ಕರೆ ಚಾರ್ಟು ತಾನೇ ಬರೆದುಕೊಳ್ಳುತ್ತದೆ. ಒಬ್ಬೊಬ್ಬರಿಗೂ ಆರು ದಿನದ ಒಂದು ಸುತ್ತು: ಬೆಳಿಗ್ಗೆ, ಬೆಳಿಗ್ಗೆ, ಸಂಜೆ, ಸಂಜೆ, ರಾತ್ರಿ, ರಜೆ. ಮತ್ತೆ ಬೆಳಿಗ್ಗೆ, ಬೆಳಿಗ್ಗೆ. ಮೊದಲನೆಯವರು ಇಂದು ಶುರು ಮಾಡಿದರೆ ಎರಡನೆಯವರು ಅದೇ ಸುತ್ತನ್ನು ನಾಳೆ ಶುರು ಮಾಡುತ್ತಾರೆ, ಮೂರನೆಯವರು ನಾಡಿದ್ದು. ಆರೂ ಜನ ಚಕ್ರಕ್ಕೆ ಏರಿದ ಮೇಲೆ ಯಾವ ದಿನ ನೋಡಿದರೂ ಬೆಳಿಗ್ಗೆ ಇಬ್ಬರು, ಸಂಜೆ ಇಬ್ಬರು, ರಾತ್ರಿ ಒಬ್ಬರು ಇದ್ದೇ ಇರುತ್ತಾರೆ. ಆರು ದಿನದಲ್ಲಿ 40 ಗಂಟೆ, ವಾರದ ಲೆಕ್ಕಕ್ಕೆ ಇಳಿಸಿದರೆ 47ಕ್ಕೂ ಸ್ವಲ್ಪ ಕಡಿಮೆ. ಯಾವ ಏಳು ದಿನವನ್ನು ಕತ್ತರಿಸಿ ನೋಡಿದರೂ ಒಳಗೆ ಒಂದು ರಜೆ ಇರುತ್ತದೆ.

ಪಾಳಿಗಳು ಬೆಳಿಗ್ಗೆಯಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಮುಂದಕ್ಕೇ ಸರಿಯುವುದಕ್ಕೆ ಕಾರಣವಿದೆ. ಸಂಜೆ ಪಾಳಿ ಮುಗಿಸಿ ರಾತ್ರಿ 11ಕ್ಕೆ ಹೊರಟವರನ್ನು ಮರುದಿನ ಬೆಳಿಗ್ಗೆ 7ಕ್ಕೆ ಕರೆದರೆ ನಡುವೆ ಸಿಗುವುದು ಎಂಟು ಗಂಟೆ. ಹೋಗಿ ಬರುವುದು, ಊಟ, ಸ್ನಾನ ಕಳೆದರೆ ನಿದ್ದೆಗೆ ಐದು ಉಳಿದರೆ ದೊಡ್ಡದು. ಮುಂದಕ್ಕೆ ಸರಿಯುವ ಸುತ್ತಿನಲ್ಲಿ ಒಂದು ಪಾಳಿ ಮುಗಿದು ಬೇರೆ ಪಾಳಿ ಹತ್ತುವಾಗ ಇಪ್ಪತ್ತನಾಲ್ಕು ಗಂಟೆ ಬಿಡುವು ಸಿಗುತ್ತದೆ. ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ದೇಹಕ್ಕೆ ಸುಲಭ ಎಂಬುದೂ ಜೊತೆಗಿದೆ.

ಈಗ ಭಾನುವಾರಕ್ಕೆ ಬರೋಣ. ಸುತ್ತು ಆರು ದಿನದ್ದು, ವಾರ ಏಳು ದಿನದ್ದು. ಎರಡೂ ಎಂದೂ ಕಚ್ಚಿಕೊಂಡು ನಿಲ್ಲುವುದಿಲ್ಲ. ಒಬ್ಬರಿಗೆ ಈ ಸಲ ಭಾನುವಾರ ರಾತ್ರಿ ಬಂದರೆ ಆರು ದಿನ ಬಿಟ್ಟು ಬರುವ ರಾತ್ರಿ ಶನಿವಾರದ್ದು, ಆಮೇಲೆ ಶುಕ್ರವಾರ, ಗುರುವಾರ, ಬುಧವಾರ, ಹೀಗೆ ಹಿಂದಕ್ಕೆ ಇಳಿಯುತ್ತ ಹೋಗುತ್ತದೆ. ನಲವತ್ತೆರಡು ದಿನ ತುಂಬುವಾಗ ಪ್ರತಿಯೊಬ್ಬರೂ ವಾರದ ಏಳೂ ರಾತ್ರಿಗಳನ್ನು ಒಂದೊಂದು ಸಲ ಮಾಡಿರುತ್ತಾರೆ. ಶುಕ್ರವಾರದ ಧರ್ಮಸ್ಥಳದ ರಶ್ಶೂ ಒಂದು ಸಲ, ಮಂಗಳವಾರದ ತೂಕಡಿಕೆಯೂ ಒಂದು ಸಲ. ಯಾವ ರಾತ್ರಿ ಎಷ್ಟು ಭಾರ ಎಂದು ತೂಗಿ, ಅಂಕ ಹಾಕಿ, ಜಗಳವಾಡುವ ಕೆಲಸವೇ ಇಲ್ಲ. ಭಾರದ ರಾತ್ರಿ ಯಾವುದು ಎಂದು ಯಜಮಾನರಿಗೆ ಗೊತ್ತಿಲ್ಲದಿದ್ದರೂ ಪಾಲು ಸಮವಾಗಿರುತ್ತದೆ. ಇದು ಈ ಚಕ್ರದ ದೊಡ್ಡ ಗುಣ.

ಆದರೆ ಚಕ್ರ ಹಾಕಿದ ಎರಡನೇ ವಾರದಲ್ಲೇ ಒಂದು ದೂರು ಬರುತ್ತದೆ, ಅದಕ್ಕೆ ಸಿದ್ಧರಿರಬೇಕು. ಭಾನುವಾರ, ಶನಿವಾರ, ಶುಕ್ರವಾರ ಎಂದು ಹಿಂದಕ್ಕೆ ಇಳಿಯುವುದರಿಂದ ಮೂರು ಭಾರದ ರಾತ್ರಿಗಳು ಒಬ್ಬರಿಗೇ ಸಾಲಾಗಿ ಬೀಳುತ್ತವೆ. ಅದು ಬಿದ್ದವರಿಗೆ, ಚಾರ್ಟು ಬರೆದವರು ತಮ್ಮ ಮೇಲೆ ಹಗೆ ಸಾಧಿಸುತ್ತಿದ್ದಾರೆ ಎನಿಸದೆ ಇರದು. ಮುಂದಿನ ನಾಲ್ಕು ಹಗುರವಾಗಿರುತ್ತವೆ ಎಂದು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಆದ್ದರಿಂದ ವಾರಕ್ಕೊಂದು ಚೀಟಿ ಅಂಟಿಸುವುದನ್ನು ಬಿಟ್ಟು ನಲವತ್ತೆರಡು ದಿನದ ಪೂರ್ತಿ ಚಾರ್ಟನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಹಾಕಬೇಕು. ಆಗ ತನ್ನ ಮೂರು ಭಾರದ ರಾತ್ರಿಯ ಜೊತೆಗೆ ಪಕ್ಕದವನ ಮೂರು ರಾತ್ರಿ ಯಾವಾಗ ಬರುತ್ತವೆ ಎಂಬುದೂ ಕಣ್ಣಿಗೆ ಕಾಣುತ್ತದೆ. ತಂಗಿಯ ಮದುವೆ ಮಾತುಕತೆಗೆ ಯಾವ ದಿನ ಹೇಳಬೇಕು, ಊರ ಜಾತ್ರೆಗೆ ಹೋಗಲಾಗುತ್ತದೋ ಇಲ್ಲವೋ ಎಂದು ಈಗಲೇ ನೋಡಿಕೊಳ್ಳಬಹುದು. ‘ನಾಳೆ ರಾತ್ರಿ ನೀನು ಬಾ’ ಎಂದು ಇವತ್ತು ಸಂಜೆ ಹೇಳಿಸಿಕೊಳ್ಳುವುದು ರಾತ್ರಿ ಪಾಳಿಗಿಂತ ದೊಡ್ಡ ಕಿರುಕುಳ ಎಂದು ಅಂಗಡಿ ಹುಡುಗರನ್ನು ಕೇಳಿದರೆ ಹೇಳುತ್ತಾರೆ.

ಬರೆಯುವಾಗ ರಾತ್ರಿ ಪಾಳಿ ಶುರುವಾಗುವ ತಾರೀಕನ್ನೇ ಹಾಕಬೇಕು. ಶನಿವಾರದ ಮನೆಯಲ್ಲಿ ‘ರಾತ್ರಿ’ ಎಂದಿದ್ದರೆ ಶನಿವಾರ 11ಕ್ಕೆ ಬಂದು ಭಾನುವಾರ 7ಕ್ಕೆ ಹೋಗುವುದು ಎಂದು ಒಂದು ಸಲ ಎಲ್ಲರಿಗೂ ಹೇಳಿಬಿಡಿ. ಇದನ್ನು ಹೇಳದೆ ಒಂದೇ ರಾತ್ರಿಗೆ ಇಬ್ಬರು ಬಂದದ್ದೂ ಉಂಟು, ಇನ್ನೊಂದು ರಾತ್ರಿ ಯಾರೂ ಬಾರದೆ ಸಂಜೆಯವನು ಬೆಳಗಿನ ತನಕ ಕೂತದ್ದೂ ಉಂಟು.

ಈ ಚಕ್ರದಲ್ಲಿ ಒಂದು ಹುಳುಕಿದೆ, ಅದು ಹಾಳೆಯ ಮೇಲೆ ಕಾಣುವುದಿಲ್ಲ. ರಜೆ ಬರುವುದು ರಾತ್ರಿಯ ಮರುದಿನ. ಹಾಗಾಗಿ ಆರು ವಾರಕ್ಕೊಮ್ಮೆ ಸಿಗುವ ಭಾನುವಾರದ ರಜೆ ಯಾರಿಗೆ? ಶನಿವಾರ ರಾತ್ರಿ ದುಡಿದವರಿಗೆ. ಬೆಳಿಗ್ಗೆ ಏಳಕ್ಕೆ ಗಲ್ಲಾ ಎಣಿಸಿ ಕೊಟ್ಟು, ಮನೆಗೆ ಹೋಗಿ ಇಡ್ಲಿ ತಿಂದು ಮಲಗಿದರೆ ಏಳುವುದು ಮಧ್ಯಾಹ್ನ ಎರಡು ಮೂರಕ್ಕೆ. ಮನೆಯವರೆಲ್ಲ ನೆಂಟರ ಮನೆಗೆ ಹೋಗಿ ಆಗಿರುತ್ತದೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಅಂಗಡಿ. ಎಲ್ಲರಿಗೂ ಸಮನಾಗಿ ಒಂದೊಂದು ಭಾನುವಾರ ಸಿಕ್ಕಿದೆ ನಿಜ. ಎಲ್ಲರಿಗೂ ಸಿಕ್ಕಿದ್ದು ನಿದ್ದೆಯ ಭಾನುವಾರ.

ಇದಕ್ಕೆ ಮದ್ದು ವ್ಯಾಪಾರದ ಒಳಗೇ ಇದೆ. ಬಸ್ ನಿಲ್ದಾಣದಲ್ಲಿ ಭಾನುವಾರ ಸಂಜೆ ಮತ್ತು ರಾತ್ರಿ ಭಾರ. ಊರಿಗೆ ಬಂದವರೆಲ್ಲ ಬೆಂಗಳೂರಿಗೆ ತಿರುಗುತ್ತಾರೆ. ಭಾನುವಾರ ಬೆಳಿಗ್ಗೆ ಹಾಗಲ್ಲ. ಕಾಲೇಜು ಹುಡುಗರಿಲ್ಲ, ಕಚೇರಿಗೆ ಓಡಾಡುವವರಿಲ್ಲ, ತಾಲ್ಲೂಕುಗಳಿಂದ ಕೋರ್ಟು ಕೆಲಸಕ್ಕೆ ಬರುವವರಿಲ್ಲ. ಇಬ್ಬರ ಬದಲು ಒಬ್ಬರು ಸಾಕು, ಬೇಕಾದರೆ ಎರಡು ಗಂಟೆ ಯಜಮಾನರೇ ಬಂದು ಗಲ್ಲಾದಲ್ಲಿ ಕೂರಬಹುದು. ಹಾಗಾದರೆ ಇಬ್ಬರಲ್ಲಿ ಒಬ್ಬರನ್ನು ಬಿಡಬೇಕು. ಯಾರನ್ನು?

ಒಬ್ಬರಿಗೆ ಅದು ಸುತ್ತಿನ ಮೊದಲ ಬೆಳಿಗ್ಗೆ, ಇನ್ನೊಬ್ಬರಿಗೆ ಎರಡನೇ ಬೆಳಿಗ್ಗೆ. ಮೊದಲ ಬೆಳಿಗ್ಗೆಯವರು ಶುಕ್ರವಾರ ರಾತ್ರಿ ಮಾಡಿ, ಶನಿವಾರ ಮಲಗಿ ಕಳೆದವರು. ಅವರನ್ನು ಬಿಟ್ಟರೆ ಶನಿವಾರ, ಭಾನುವಾರ ಎರಡು ದಿನ ಒಟ್ಟಿಗೆ ಸಿಗುತ್ತದೆ. ಕೇಳಲು ಇದೇ ಚೆನ್ನ. ಆದರೆ ಆರು ವಾರದ ಚಾರ್ಟನ್ನು ಮುಂದಿಟ್ಟುಕೊಂಡು ಒಬ್ಬರ ಭಾನುವಾರಗಳ ಮೇಲೆ ಬೆರಳಿಟ್ಟು ನೋಡಿ. ಒಂದು ಭಾನುವಾರ ಮೊದಲ ಬೆಳಿಗ್ಗೆ, ಮುಂದಿನ ಭಾನುವಾರ ಎರಡನೇ ಬೆಳಿಗ್ಗೆ, ಆಮೇಲೆ ಎರಡು ಭಾನುವಾರ ಸಂಜೆ, ಐದನೆಯದು ರಾತ್ರಿ, ಆರನೆಯದು ನಿದ್ದೆಯ ರಜೆ. ಏಳನೆಯದಕ್ಕೆ ಮತ್ತೆ ಮೊದಲ ಬೆಳಿಗ್ಗೆ. ಮೊದಲ ಬೆಳಿಗ್ಗೆಯವರಿಗೆ ಬಿಡುವು ಕೊಟ್ಟರೆ ಎರಡು ರಜೆ ಭಾನುವಾರಗಳು ಪಕ್ಕಪಕ್ಕ ಬಂದು, ನಂತರ ನಾಲ್ಕು ಭಾನುವಾರ ಬಿಡುವಿಲ್ಲದ ದುಡಿಮೆ. ಅದರ ಬದಲು ಎರಡನೇ ಬೆಳಿಗ್ಗೆಯವರನ್ನು ಬಿಟ್ಟರೆ ಸಾಲಾಗಿ ದುಡಿಯುವ ಭಾನುವಾರ ಮೂರಕ್ಕೆ ಇಳಿಯುತ್ತದೆ. ಇನ್ನೂ ಒಂದು ಲಾಭವಿದೆ. ಅವರು ಶನಿವಾರ ಮಧ್ಯಾಹ್ನ 3ಕ್ಕೆ ಪಾಳಿ ಮುಗಿಸಿದರೆ ಮತ್ತೆ ಬರಬೇಕಾದದ್ದು ಸೋಮವಾರ ಸಂಜೆ ಪಾಳಿಗೆ, ಮಧ್ಯಾಹ್ನ 3ಕ್ಕೆ. ರಾತ್ರಿ ಪಾಳಿಯ ಸುಸ್ತಿಲ್ಲದ ಪೂರ್ತಿ ಎರಡು ದಿನ. ಅರಕಲಗೂಡು ಕಡೆಯ ಹುಡುಗ ಶನಿವಾರ ಸಂಜೆ ಬಸ್ಸು ಹತ್ತಿ ಊರಿಗೆ ಹೋಗಿ, ಭಾನುವಾರ ಇಡೀ ಇದ್ದು, ಸೋಮವಾರ ಊಟ ಮಾಡಿಕೊಂಡೇ ಹೊರಡಬಹುದು.

ಅಂಗಡಿಗೆ ಇದರ ಖರ್ಚು ವಾರಕ್ಕೆ ಒಂದು ಪಾಳಿ. ಒಬ್ಬರ ಸರಾಸರಿ ದುಡಿಮೆ ವಾರಕ್ಕೆ 45 ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಒಬ್ಬ ಹೊಸ ಹುಡುಗನಿಗೆ ಕೆಲಸ ಕಲಿಸಲು ಆಗುವ ನಷ್ಟದ ಮುಂದೆ ಇದೇನೂ ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಭಾನುವಾರವೇ ಜೋರು ವ್ಯಾಪಾರವಿರುವ ಬೇಕರಿಗೋ ಬಟ್ಟೆ ಅಂಗಡಿಗೋ ಈ ಮದ್ದು ಹಿಡಿಸದು. ಅವರು ತಮ್ಮ ವಾರದಲ್ಲಿ ಇಬ್ಬರು ಮಾಡುವ ಕೆಲಸ ಒಬ್ಬರಿಂದ ಆಗುವ ಹೊತ್ತು ಯಾವುದು ಎಂದು ತಮ್ಮ ಬಿಲ್ ಪುಸ್ತಕದಲ್ಲೇ ಹುಡುಕಬೇಕು.

ವ್ಯಾಪಾರ ಬೆಳೆಯಿತು, ಯಜಮಾನರು ಏಳನೆಯವರನ್ನು ಸೇರಿಸಿಕೊಂಡರು ಎನ್ನಿ. ಎಲ್ಲರಿಗೂ ಸಮಾಧಾನವಾಗಬೇಕು ತಾನೇ? ಚಕ್ರಕ್ಕೆ ಏಳನೆಯ ಹಲ್ಲು ಜೋಡಿಸಿದ ದಿನದಿಂದ ಅದು ತಿರುಗುವುದನ್ನೇ ನಿಲ್ಲಿಸುತ್ತದೆ. ಸುತ್ತೂ ಏಳು ದಿನ, ವಾರವೂ ಏಳು ದಿನ. ಮೊದಲ ವಾರ ಭಾನುವಾರ ರಾತ್ರಿ ಯಾರಿಗೆ ಬಿತ್ತೋ ಅವರಿಗೆ ಪ್ರತಿ ವಾರವೂ ಭಾನುವಾರ ರಾತ್ರಿ. ಮಂಗಳವಾರ ರಾತ್ರಿ ಬಿದ್ದವರು ಆಜನ್ಮ ಪುಣ್ಯವಂತರು. ಪಾಳಿಗಳ ಎಣಿಕೆ ಮಾಡಿದರೆ ಎಲ್ಲರದೂ ಸಮವೇ, ಹಾಗಾಗಿ ಯಜಮಾನರು ‘ಎಣಿಸಿ ನೋಡಿ, ಎಲ್ಲರಿಗೂ ವಾರಕ್ಕೊಂದೇ ರಾತ್ರಿ’ ಎಂದು ವಾದಿಸುತ್ತಲೇ ಇರುತ್ತಾರೆ. ಏಳು ಜನರಿದ್ದರೆ ಪ್ರತಿ ಭಾನುವಾರ ಎಲ್ಲರೂ ಒಂದೊಂದು ಮನೆ ಕೆಳಗೆ ಸರಿಯುವಂತೆ ಬೇಕೆಂದೇ ಜರುಗಿಸಬೇಕು. ಇಲ್ಲವೇ ಆರು ಜನರನ್ನು ಹಳೇ ಚಕ್ರದಲ್ಲೇ ಬಿಟ್ಟು ಏಳನೆಯ ಜಾಗವನ್ನು ರಜೆ ಹಾಕಿದವರ ಬದಲಿಗೆಂದು ಇಡಬೇಕು, ಆ ಜಾಗಕ್ಕೂ ಆರು ವಾರಕ್ಕೊಬ್ಬರು ಬದಲಾಗಬೇಕು. ಎರಡನೆಯದೇ ಮೇಲು ಎನಿಸುತ್ತದೆ, ಯಾಕೆಂದರೆ ಆರು ಜನರ ಚಕ್ರದಲ್ಲಿ ಒಬ್ಬರಿಗೆ ಜ್ವರ ಬಂದರೆ ಬದಲಿಗೆ ಯಾರೂ ಇರುವುದಿಲ್ಲ.

ಆರು ಜನರೂ ರಾತ್ರಿ ಮಾಡಲು ತಯಾರಿರುತ್ತಾರೆ ಎಂದು ಇಷ್ಟು ಹೊತ್ತು ನಂಬಿಕೊಂಡು ಬಂದೆವು. ನಿಜದ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ಇರುತ್ತಾಳೆ, ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರೊಬ್ಬರು ಇರುತ್ತಾರೆ. ಮಹಿಳೆಯರನ್ನು ರಾತ್ರಿ ದುಡಿಸಬೇಕೆಂದರೆ ಅವರ ಲಿಖಿತ ಒಪ್ಪಿಗೆ, ಹೋಗಿಬರಲು ವಾಹನ, ಭದ್ರತೆ ಎಲ್ಲ ಬೇಕು. ಒಬ್ಬರೇ ಕೂರುವ ಬಸ್ ನಿಲ್ದಾಣದ ಅಂಗಡಿಗೆ ಅದು ಆಗದ ಮಾತು. ಇಂಥ ಕಡೆ ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು. ‘ಅಕ್ಕನಿಗೆ ರಾತ್ರಿ ಬೇಡ’ ಎಂದು ಅವರ ಏಳು ರಾತ್ರಿಗಳನ್ನು ಸುಮ್ಮನೆ ಉಳಿದವರ ತಲೆಗೆ ಕಟ್ಟುತ್ತಾರೆ. ಇಲ್ಲವೇ ಅದಕ್ಕೆ ಪ್ರತಿಯಾಗಿ ಎಲ್ಲ ಭಾನುವಾರವೂ ಅಕ್ಕನೇ ಬರಬೇಕು ಎನ್ನುತ್ತಾರೆ. ಮೊದಲನೆಯದರಲ್ಲಿ ಐವರು ಗೊಣಗುತ್ತಾರೆ, ಎರಡನೆಯದರಲ್ಲಿ ಅಕ್ಕ ಆರು ತಿಂಗಳಲ್ಲಿ ಕೆಲಸ ಬಿಡುತ್ತಾರೆ.

ಇದನ್ನು ಚಕ್ರದಲ್ಲೇ ಕೂರಿಸಬಹುದು. ಅಕ್ಕನನ್ನು ಹೊರಗಿಟ್ಟು ಐವರಿಗೆ ಐದು ದಿನದ ಸುತ್ತು ಹಾಕಿ: ಬೆಳಿಗ್ಗೆ, ಸಂಜೆ, ಸಂಜೆ, ರಾತ್ರಿ, ರಜೆ. ಹೀಗೆ ದಿನವೂ ಬೆಳಿಗ್ಗೆ ಒಬ್ಬರು, ಸಂಜೆ ಇಬ್ಬರು, ರಾತ್ರಿ ಒಬ್ಬರು ಸಿಕ್ಕರು. ಬೆಳಗಿನ ಇನ್ನೊಂದು ಜಾಗಕ್ಕೆ ವಾರದಲ್ಲಿ ಆರು ದಿನ ಅಕ್ಕ. ಅವರದು 48 ಗಂಟೆ, ಆರೂ ಹಗಲಿನವು. ಐವರಿಗೆ ರಾತ್ರಿ ಆರು ದಿನಕ್ಕೊಂದರ ಬದಲು ಐದು ದಿನಕ್ಕೊಂದು ಬಂತು, ಅದು ಹೊರೆ. ಆದರೆ ರಜೆಯೂ ಐದು ದಿನಕ್ಕೊಂದು ಬಂತು, ವಾರಕ್ಕೆ 45 ಗಂಟೆಗಿಂತ ತುಸು ಕಡಿಮೆ ಕೆಲಸ. ರಾತ್ರಿ ಹೆಚ್ಚು ಮಾಡುವವರಿಗೆ ಗಂಟೆ ಕಡಿಮೆ, ರಾತ್ರಿ ಮಾಡದವರಿಗೆ ಗಂಟೆ ಹೆಚ್ಚು. ಯಾರೂ ಯಾರಿಗೂ ಉಪಕಾರ ಮಾಡಿದಂತಾಗಲಿಲ್ಲ, ಇದು ಮುಖ್ಯ. ಐದಕ್ಕೂ ಏಳಕ್ಕೂ ಹೊಂದಿಕೆ ಇಲ್ಲದ್ದರಿಂದ ಮೂವತ್ತೈದು ದಿನದಲ್ಲಿ ಏಳೂ ರಾತ್ರಿ ಎಲ್ಲರಿಗೂ ಸುತ್ತಿ ಬರುತ್ತವೆ.

ಭಾನುವಾರದ ಬೆಳಿಗ್ಗೆ ಒಂದು ಉಳಿಯಿತು. ಅಲ್ಲಿ ಒಬ್ಬರು ಸಾಕು ಎಂದಿದ್ದೆವು. ಒಂದು ಭಾನುವಾರ ಅಕ್ಕ ಬಂದರೆ ಚಕ್ರದಲ್ಲಿ ಅಂದು ಬೆಳಿಗ್ಗೆ ಬಿದ್ದವರಿಗೆ ಬಿಡುವು. ಆ ವಾರ ಅಕ್ಕನಿಗೆ ವ್ಯಾಪಾರ ತಣ್ಣಗಿರುವ ಇನ್ನೊಂದು ದಿನ ರಜೆ. ಮುಂದಿನ ಭಾನುವಾರ ಅಕ್ಕನಿಗೆ ಬಿಡುವು, ಚಕ್ರದವರು ಬರುತ್ತಾರೆ. ಹತ್ತು ವಾರದಲ್ಲಿ ಐವರಿಗೂ ಒಂದೊಂದು ಸಲ ಈ ಬಿಡುವು ಮುಟ್ಟುತ್ತದೆ. ಅದು ಸಿಕ್ಕವರು ಶುಕ್ರವಾರ ರಾತ್ರಿ ಪಾಳಿ ಮುಗಿಸಿ ಹೋದವರು ಮತ್ತೆ ಬರುವುದು ಸೋಮವಾರ ಮಧ್ಯಾಹ್ನ ಮೂರಕ್ಕೆ.

ಕೆಲವು ಕಡೆ ಚಕ್ರದ ಬದಲು ಅಂಕ ಕೊಡುವ ಪದ್ಧತಿ ಇಟ್ಟುಕೊಳ್ಳುತ್ತಾರೆ. ಹಗಲಿಗೆ ಒಂದು, ಭಾನುವಾರಕ್ಕೆ ಒಂದೂವರೆ, ರಾತ್ರಿಗೆ ಎರಡು, ತಿಂಗಳ ಕೊನೆಗೆ ಎಲ್ಲರದೂ ಸರಿಹೊಂದಬೇಕು. ಕೆಡುಕೇನಿಲ್ಲ, ಆದರೆ ರಾತ್ರಿಗೆ ಎರಡೇ ಏಕೆ, ಎರಡೂವರೆ ಏಕಲ್ಲ ಎಂದು ಯಾರಾದರೂ ಕೇಳಿದರೆ ಯಜಮಾನರು ತಡವರಿಸುತ್ತಾರೆ. ಬೆಲೆ ಅವರು ಕಟ್ಟುವುದಲ್ಲ. ಹುಡುಗರು ತಮ್ಮತಮ್ಮಲ್ಲೇ ಪಾಳಿ ಬದಲಾಯಿಸಿಕೊಳ್ಳುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದರೆ ಬೆಲೆ ಅಲ್ಲೇ ಸಿಗುತ್ತದೆ. ‘ಭಾನುವಾರ ರಾತ್ರಿ ನಾನು ಮಾಡ್ತೀನಿ, ನೀನು ನನ್ನ ಎರಡು ಸಂಜೆ ಮಾಡು’ ಎಂಬುದು ಮತ್ತೆ ಮತ್ತೆ ಕಂಡುಬಂದರೆ ಆ ಅಂಗಡಿಯಲ್ಲಿ ಭಾನುವಾರ ರಾತ್ರಿಯ ಬೆಲೆ ಎರಡು ಸಂಜೆ. ಅದೇ ಪುಸ್ತಕ ಇನ್ನೊಂದನ್ನೂ ಹೇಳುತ್ತದೆ. ಅದಲುಬದಲು ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ, ಅಂದರೆ ಒಬ್ಬ ಹುಡುಗ ಯಾವಾಗಲೂ ಕೊಡುವವನೇ ಆಗಿ, ಪ್ರತಿಯಾಗಿ ಪಡೆದದ್ದರ ಜಾಗ ಖಾಲಿ ಇದ್ದರೆ, ಅದು ಸ್ನೇಹದ ಬದಲಾವಣೆಯಲ್ಲ. ಅವನಿಗೆ ಇಲ್ಲ ಎನ್ನಲು ಬಾಯಿಲ್ಲ. ಬಹುಮಟ್ಟಿಗೆ ಅವನು ಮೇಲಿನ ರೂಮಿನಲ್ಲಿ ಮಲಗುವವನೇ ಆಗಿರುತ್ತಾನೆ.

ಅವನಿಗಾಗಿಯೇ ಆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಇನ್ನೊಂದು ಪುಟ ಬೇಕು. ಯಾರೋ ಬಾರದೆ ಹೋದಾಗ ಬದಲಿಗೆ ಬಂದವರ ಪುಟ. ಕರೆಯುವಾಗ ಹತ್ತಿರ ಯಾರಿದ್ದಾರೆ ಎಂದು ನೋಡದೆ ಈವರೆಗೆ ಯಾರು ಕಡಿಮೆ ಸಲ ಬಂದಿದ್ದಾರೆ ಎಂದು ನೋಡಿ ಮೊದಲು ಅವರಿಗೆ ಫೋನ್ ಮಾಡಬೇಕು. ಬಂದವರಿಗೆ ತಪ್ಪಿದ ರಜೆಯನ್ನು ಅದೇ ಸುತ್ತಿನೊಳಗೆ ತೀರಿಸಬೇಕು. ಮುಂದಿನ ತಿಂಗಳಿಗೆ ಎಂದು ಮುಂದೂಡಿದ ರಜೆ ಸಿಕ್ಕಿದ್ದನ್ನು ನಾನು ಹೆಚ್ಚು ಕಂಡಿಲ್ಲ.

ರಾತ್ರಿ ಪಾಳಿಯನ್ನು ಎಣಿಸಿದರಷ್ಟೇ ಸಾಲದು, ಅದರೊಳಗೆ ಏನಿದೆ ಎಂದೂ ನೋಡಬೇಕು. ಬೆಳಗಿನ ಜಾವ ಹಾಲಿನ ಕ್ರೇಟು ಇಳಿಯುತ್ತದೆ, ಬ್ರೆಡ್ಡು ಬನ್ನಿನ ಟ್ರೇ ಬರುತ್ತದೆ, ಪೇಪರ್ ಬಂಡಲು ಬೀಳುತ್ತದೆ. ಎಲ್ಲವನ್ನೂ ಎಣಿಸಿ ತೆಗೆದುಕೊಳ್ಳುವವನು ರಾತ್ರಿಯ ಒಬ್ಬನೇ. ಏಳಕ್ಕೆ ಗಲ್ಲಾ ಎಣಿಸುವಾಗ ನೂರಿನ್ನೂರು ಕಡಿಮೆ ಬಂದರೆ ಹಗಲಿನಲ್ಲಾದರೆ ಇಬ್ಬರ ಮೇಲೆ ಹಂಚಿಹೋಗುತ್ತದೆ, ರಾತ್ರಿಯದು ಅವನೊಬ್ಬನ ಸಂಬಳದಿಂದ. ಸಂಜೆಯವರು 11ಕ್ಕೆ ಎಣಿಸದೆ ಗಡಿಬಿಡಿಯಲ್ಲಿ ಗಲ್ಲಾ ಒಪ್ಪಿಸಿ ಹೋಗಿದ್ದರೆ ಅವರ ಕೊರತೆಯೂ ಇವನ ತಲೆಗೇ. ಆದ್ದರಿಂದ ಸಂಜೆಯಿಂದ ರಾತ್ರಿಗೆ ಕೈ ಬದಲಾಗುವಾಗ ಇಬ್ಬರೂ ಕೂತು ಎಣಿಸಿ ಸಹಿ ಹಾಕುವ ಹತ್ತು ನಿಮಿಷ ಸಂಜೆ ಪಾಳಿಯ ಒಳಗೇ ಇರಬೇಕು, ಹೊರಗಲ್ಲ.

ಹಬ್ಬಗಳನ್ನು ಚಕ್ರಕ್ಕೆ ಬಿಡಬಾರದು. ಯುಗಾದಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ರಂಜಾನ್, ಕ್ರಿಸ್ಮಸ್ ಬರುವುದು ವರ್ಷಕ್ಕೊಮ್ಮೆ. ಚಕ್ರ ಅವನ್ನು ಸಮ ಮಾಡಬೇಕಾದರೆ ಹಲವು ವರ್ಷ ಬೇಕು, ಅಷ್ಟು ವರ್ಷ ಯಾರು ಇರುತ್ತಾರೆ? ವರ್ಷದ ಮೊದಲಲ್ಲೇ ಎಲ್ಲರೂ ಕೂತು, ತನಗೆ ಬಿಡಲೇಬಾರದ ಹಬ್ಬ ಒಂದನ್ನು ಪ್ರತಿಯೊಬ್ಬರೂ ಹೇಳಲಿ. ಇಬ್ಬರು ಒಂದೇ ಹಬ್ಬ ಕೇಳಿದರೆ ಚೀಟಿ ಎತ್ತಿ. ಈ ವರ್ಷ ಸೋತವರು ಮುಂದಿನ ವರ್ಷ ಚೀಟಿಯಿಲ್ಲದೆ ಪಡೆಯುತ್ತಾರೆ ಎಂದು ಅಲ್ಲೇ ಬರೆದಿಡಿ. ಸಾಬರ ಹುಡುಗ ದೀಪಾವಳಿಗೆ ಬರುತ್ತಾನೆ, ಉಳಿದವರು ರಂಜಾನಿಗೆ ಬರುತ್ತಾರೆ ಎಂಬ ಹೊಂದಾಣಿಕೆ ಬಹಳ ಅಂಗಡಿಗಳಲ್ಲಿ ತಾನಾಗಿಯೇ ನಡೆದಿದೆ, ಚೆನ್ನಾಗಿಯೇ ನಡೆದಿದೆ. ಆದರೆ ಅವನೊಬ್ಬನೇ ಇದ್ದು ಉಳಿದವರಿಗೆ ಐದಾರು ಹಬ್ಬಗಳಿದ್ದರೆ ಎಲ್ಲ ಐದಾರನ್ನೂ ಅವನ ಮೇಲೆ ಹಾಕಿ ಅವನ ಒಂದು ದಿನವನ್ನು ಬಿಟ್ಟುಕೊಟ್ಟೆವು ಎನ್ನುವುದು ಲೆಕ್ಕವಲ್ಲ.

ರಾತ್ರಿ ತೆರೆದಿರುವ ಸಣ್ಣ ಅಂಗಡಿ ಎಂದರೆ ನಮ್ಮಲ್ಲಿ ಇನ್ನೊಂದು ಆಸ್ಪತ್ರೆ ಎದುರಿನ ಮೆಡಿಕಲ್ ಸ್ಟೋರ್. ಅಲ್ಲಿ ಮೇಲಿನ ಚಕ್ರ ಹಾಗೇ ನಡೆಯದು. ಡಾಕ್ಟರ ಚೀಟಿಗೆ ಔಷಧಿ ಕೊಡುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕೆಂದು 1948ರ ಫಾರ್ಮಸಿ ಕಾಯ್ದೆ ಹೇಳುತ್ತದೆ. ಅಂಗಡಿಯಲ್ಲಿ ಎಂಟು ಜನರಿದ್ದರೂ ರಾತ್ರಿಯನ್ನು ಎಂಟು ಪಾಲು ಮಾಡಲಾಗದು. ಫಾರ್ಮಸಿಸ್ಟರ ಪಾಲು ಬೇರೆ, ಸಹಾಯಕರ ಪಾಲು ಬೇರೆ. ವಾರಕ್ಕೆ ಏಳು ದಿನ, ದಿನಕ್ಕೆ ಮೂರು ಪಾಳಿ, ಒಟ್ಟು ಇಪ್ಪತ್ತೊಂದಕ್ಕೂ ಒಬ್ಬ ಫಾರ್ಮಸಿಸ್ಟ್ ಬೇಕು. ಮೂವರು ಸಂಬಳದ ಫಾರ್ಮಸಿಸ್ಟರು ವಾರಕ್ಕೆ ಆರಾರು ಮಾಡಿದರೆ ಹದಿನೆಂಟಾಯಿತು. ಉಳಿದ ಮೂರು ಪಾಳಿ, ತಾವೂ ಫಾರ್ಮಸಿಸ್ಟ್ ಆಗಿದ್ದರೆ, ಯಜಮಾನರದು.

ಯಜಮಾನರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ವಾರದ ನಡುವಿನ ಮೂರು ಬೆಳಿಗ್ಗೆಗಳನ್ನು. ಕಂಪನಿಗಳ ರೆಪ್‌ಗಳು ಬರುವ ಹೊತ್ತು, ಆರ್ಡರ್ ಹಾಕುವ ಹೊತ್ತು ಎಂಬ ಕಾರಣವೂ ಇದೆ. ಆಗ ಏಳು ರಾತ್ರಿಗಳು ಮೂವರಿಗೆ ಬೀಳುತ್ತವೆ, ಭಾಗ ಹೋಗುವುದಿಲ್ಲ. ಪ್ರತಿ ವಾರ ಯಾರೋ ಒಬ್ಬರಿಗೆ ಮೂರನೆಯ ರಾತ್ರಿ. ಅದರ ಬದಲು ಯಜಮಾನರು ಶನಿವಾರ ರಾತ್ರಿಯನ್ನೂ ಭಾನುವಾರ ಸಂಜೆಯನ್ನೂ ತಾವು ಇಟ್ಟುಕೊಂಡು ವಾರದ ನಡುವೆ ಒಂದೇ ಬೆಳಿಗ್ಗೆ ಬಂದರೆ ಉಳಿದ ಆರು ರಾತ್ರಿ ಮೂವರಿಗೆ ಎರಡೆರಡು. ಭಾನುವಾರ ಬೇಕಾದ ಫಾರ್ಮಸಿಸ್ಟರು ಬೆಳಿಗ್ಗೆಗೊಬ್ಬರು, ರಾತ್ರಿಗೊಬ್ಬರು, ಮೂರನೆಯವರಿಗೆ ರಜೆ. ಮೂರು ವಾರಕ್ಕೊಮ್ಮೆ ಬರುವ ಆ ಭಾನುವಾರ ನಿದ್ದೆಯದಲ್ಲ, ಹಿಂದಿನ ರಾತ್ರಿ ಅಂಗಡಿಯಲ್ಲಿ ಎಚ್ಚರವಿದ್ದವರು ಯಜಮಾನರು.